ಅಜ್ಜಿ ಬೀಡಿ ಸೇದಿರಲಿಲ್ಲ

ಮೂರನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ತನ್ನ ಫೈಲ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದು ನಿಂತಳು. 25ಕ್ಕೆ 13 ಕೊಟ್ಟಿದ್ದೆ. "ಮೇಡಂ, ಕಡಿಮೆ ಬಂತು ಅಂತ ಬೇಜಾರಿಲ್ಲ. ಎಲ್ಲಿ ತಪ್ಪಾಗಿದೆ ಅಂತ ಹೇಳಿದ್ರೆ ಮುಂದಿನ ಸಲ ತಿದ್ಕೋತೀನಿ" ಅಂದಳು. ನಾನು ಫೈಲ್ ತೆರೆದೆ. ಕೆಂಪು ಪೆನ್ನಿನಲ್ಲಿ ನಾನೇ ಬರೆದ 13 ಕಾಣುತ್ತಿತ್ತು. ಯಾವುದಕ್ಕೆ ಎಷ್ಟು ಕಳೆದೆ ಅನ್ನುವುದು ಎಲ್ಲೂ ಇರಲಿಲ್ಲ. ಅದು ನನ್ನ ತಲೆಯಲ್ಲೂ ಇರಲಿಲ್ಲ.

ಅದೇ ವಾರ್ಡಿನ ಅದೇ ರೋಗಿಯ ಬಗ್ಗೆ ಇನ್ನೊಬ್ಬ ವಿದ್ಯಾರ್ಥಿನಿ ಬರೆದ ಕೇರ್ ಪ್ಲಾನಿಗೆ ನಾನು 21 ಕೊಟ್ಟಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಆಮೇಲೆ ಹೆಸರು ಮುಚ್ಚಿ, ನನ್ನ ಅಂಕ ಕಾಣದಂತೆ ನಕಲು ತೆಗೆದು ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಅವರು ನಾನು 13 ಕೊಟ್ಟಿದ್ದಕ್ಕೆ 19 ಕೊಟ್ಟರು, 21 ಕೊಟ್ಟಿದ್ದಕ್ಕೆ 16 ಕೊಟ್ಟರು. ಇಬ್ಬರಿಗೂ ವರ್ಷಗಟ್ಟಲೆ ಪಾಠ ಮಾಡಿದ ಅನುಭವವಿದೆ, ಇಬ್ಬರೂ ಮನಸ್ಸಿಟ್ಟೇ ಓದಿದ್ದೆವು. ಆದರೂ ಯಾರು ಮುಂದೆ, ಯಾರು ಹಿಂದೆ ಅನ್ನುವುದೇ ತಿರುಗುಮುರುಗಾಗಿತ್ತು.

ಕೇರ್ ಪ್ಲಾನ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಡಾಕ್ಟರ್ ಕಾಯಿಲೆಯನ್ನು ಗುರುತಿಸುತ್ತಾರೆ. ಆ ಕಾಯಿಲೆಯಿಂದ ಈ ರೋಗಿಗೆ ಏನೇನು ಕಷ್ಟವಾಗಿದೆ, ಅದರಲ್ಲಿ ನರ್ಸ್ ಆಗಿ ನಾನು ಏನು ಮಾಡಬಲ್ಲೆ ಎಂದು ಯೋಚಿಸಿ ಬರೆಯುವುದು ಕೇರ್ ಪ್ಲಾನ್. ಕ್ಲಿನಿಕಲ್ ಪೋಸ್ಟಿಂಗಿಗೆ ಹೋದ ವಿದ್ಯಾರ್ಥಿಗಳು ಒಬ್ಬ ರೋಗಿಯನ್ನು ಹಿಡಿದು ಕೆಲವು ದಿನ ನೋಡಿಕೊಂಡು ಇದನ್ನು ಬರೆದು ಒಪ್ಪಿಸುತ್ತಾರೆ. ಅಡ್ಡಡ್ಡ ಹಾಳೆಯಲ್ಲಿ ಉದ್ದುದ್ದ ಕಾಲಂಗಳು. ರೋಗಿ ಹೇಳಿದ್ದು ಮತ್ತು ನಾವು ಪರೀಕ್ಷಿಸಿ ಕಂಡದ್ದು ಮೊದಲ ಕಾಲಂನಲ್ಲಿ, ಅದು ಅಸೆಸ್‌ಮೆಂಟ್. ಅದರಿಂದ ಹೊರಡುವ ನರ್ಸಿಂಗ್ ಡಯಾಗ್ನೋಸಿಸ್ ಎರಡನೆಯದು. ಆಮೇಲೆ ಗುರಿ, ಮಾಡಿದ ಆರೈಕೆ, ಅದನ್ನು ಯಾಕೆ ಮಾಡಿದೆವು ಎಂಬ ಕಾರಣ. ಕೊನೆಗೆ ಇವ್ಯಾಲ್ಯುಯೇಶನ್, ಅಂದರೆ ಮಾಡಿದ್ದು ಫಲ ಕೊಟ್ಟಿತೇ ಎಂದು ಮತ್ತೆ ನೋಡಿದ್ದು.

ನಮ್ಮ ರೋಗಿ 66 ವರ್ಷದ ಅಜ್ಜಿ. ಕಾಯಿಲೆ ಸಿ.ಒ.ಪಿ.ಡಿ., ಶ್ವಾಸನಾಳಗಳು ವರ್ಷಗಟ್ಟಲೆ ಕೆರಳಿ ಕಿರಿದಾಗುವ ದೀರ್ಘಕಾಲದ ರೋಗ. ಉಸಿರಾಟ ನಿಮಿಷಕ್ಕೆ 28 ಇತ್ತು. ಕೋವಿಡ್ ಬಂದ ಮೇಲೆ ಸ್ಯಾಚುರೇಶನ್ ಎಂಬ ಮಾತು ಎಲ್ಲರ ಮನೆಗೂ ಬಂದಿದೆ. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಅಜ್ಜಿಯ ಸ್ಯಾಚುರೇಶನ್ 86 ತೋರಿಸುತ್ತಿತ್ತು. ಕಫ ದಪ್ಪ, ಕೆಮ್ಮಿದರೂ ಹೊರಗೆ ಬರುತ್ತಿರಲಿಲ್ಲ.

21 ಅಂಕದ ಪ್ಲಾನಿನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಸ್ಕೇಲ್ ಇಟ್ಟು ಗೆರೆ ಎಳೆದು, ತಲೆಬರಹಗಳಿಗೆ ಬೇರೆ ಬಣ್ಣ ಹಾಕಿದ್ದಳು. ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲ. ಆರೈಕೆಯ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿತ್ತು: ಧೂಮಪಾನ ಬಿಡುವಂತೆ ರೋಗಿಗೆ ತಿಳಿಹೇಳಲಾಯಿತು. ನಾನು ಮೊದಲ ಸಲ ಓದುವಾಗ ಅದಕ್ಕೆ ಸರಿ ಗುರುತು ಹಾಕಿದ್ದೆ. ಅಜ್ಜಿ ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ. ನಲವತ್ತು ವರ್ಷಕ್ಕೂ ಮೇಲೆ ಸೌದೆ ಒಲೆ ಮುಂದೆ ಕೂತು ಹೊಗೆ ಕುಡಿದವರು. ಆ ಸಂಗತಿ ಇದ್ದದ್ದು 13 ಅಂಕದ ಪ್ಲಾನಿನಲ್ಲಿ. ಮುರುಕು ಇಂಗ್ಲಿಷಿನ ನಡುವೆ ಆ ಹುಡುಗಿ ಅಜ್ಜಿಯ ಮಾತನ್ನು ಕನ್ನಡದಲ್ಲೇ ಬರೆದಿದ್ದಳು: "ಮಲಗಿದ್ರೆ ಉಸಿರು ಕಟ್ಟಿದಂಗಾಗ್ತದೆ ಸಿಸ್ಟರ್, ಕೂತೇ ಬೆಳಗು ಮಾಡ್ತೀನಿ."

ಮೊದಲನೆಯದು ಪುಸ್ತಕದಿಂದಲೋ ಸೀನಿಯರ್ ಫೈಲಿನಿಂದಲೋ ಇಳಿಸಿದ್ದು. ಎರಡನೆಯದು ರೋಗಿಯ ಮಂಚದ ಪಕ್ಕ ನಿಂತು ಬರೆದದ್ದು. ಎರಡಕ್ಕೂ ಇರುವ ವ್ಯತ್ಯಾಸವನ್ನು ನನ್ನ ಅಂಕ ಹಿಡಿಯಲಿಲ್ಲ. ಅಕ್ಷರ ಮತ್ತು ಭಾಷೆಯ ಹೊಳಪು ಉಳಿದ ಕಾಲಂಗಳ ಮೇಲೆಲ್ಲ ಬೆಳಕು ಚೆಲ್ಲಿಬಿಟ್ಟಿತ್ತು. ಒಂದು ಒಳ್ಳೆಯ ಗುಣ ಕಂಡರೆ ಉಳಿದ ಗುಣಗಳೂ ಇವೆ ಎಂದು ಮನಸ್ಸು ನಂಬಿಬಿಡುವ ಈ ದೋಷಕ್ಕೆ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಹೆಸರಿಟ್ಟಿದ್ದಾರೆ, ಹೇಲೋ ಎಫೆಕ್ಟ್ ಎಂದು. ಅದಕ್ಕೂ ಮೊದಲು, 1912ರಲ್ಲಿ, ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಇಂಗ್ಲಿಷ್ ಉತ್ತರ ಪತ್ರಿಕೆಗಳ ನಕಲು ತೆಗೆದು ಅನೇಕ ಶಾಲೆಗಳ ಶಿಕ್ಷಕರಿಗೆ ಕಳಿಸಿದ್ದರು. ಒಂದೇ ಪತ್ರಿಕೆಗೆ ಒಬ್ಬರು ಫೇಲ್ ಮಾಡಿದ್ದರು, ಇನ್ನೊಬ್ಬರು ನೂರರ ಹತ್ತಿರ ಕೊಟ್ಟಿದ್ದರು. ಭಾಷೆಯ ವಿಷಯವಾದ್ದರಿಂದ ಹೀಗೆ ಎಂದು ಜನ ಆಕ್ಷೇಪಿಸಿದಾಗ ಅವರು ರೇಖಾಗಣಿತದ ಪತ್ರಿಕೆ ಕಳಿಸಿದರು. ಅದರಲ್ಲಿ ಅಂತರ ಇನ್ನೂ ಹೆಚ್ಚಾಯಿತು.

ಇದಕ್ಕೆ ಮದ್ದಾಗಿ ನಾವು ಕೂತು ಮಾಡಿದ್ದು ರೂಬ್ರಿಕ್. ಒಂದು ಕೋಷ್ಟಕ ಅಂದುಕೊಳ್ಳಿ. ಎಡಗಡೆ ಮೇಲಿಂದ ಕೆಳಕ್ಕೆ ಮಾನದಂಡಗಳು, ಅಂದರೆ ಏನೇನನ್ನು ನೋಡಬೇಕು ಅನ್ನುವುದು. ಮೇಲ್ಗಡೆ ಎಡದಿಂದ ಬಲಕ್ಕೆ ಮಟ್ಟಗಳು, ಅಂದರೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅನ್ನುವುದು. ಎರಡೂ ಕೂಡುವ ಮನೆಯಲ್ಲಿ ಒಂದು ವಾಕ್ಯ. ಮಾನದಂಡ ಮತ್ತು ಮಟ್ಟಗಳನ್ನು ಒಂದು ಮಧ್ಯಾಹ್ನದಲ್ಲಿ ಗೊತ್ತುಮಾಡಬಹುದು. ಮನೆಯೊಳಗಿನ ವಾಕ್ಯ ಬರೆಯುವುದೇ ಕಷ್ಟ, ರೂಬ್ರಿಕ್ಕಿನ ಜೀವ ಇರುವುದೂ ಅಲ್ಲೇ.

ಮಾನದಂಡಗಳಿಗೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಸೆಸ್‌ಮೆಂಟ್, ಡಯಾಗ್ನೋಸಿಸ್, ಗುರಿ, ಕಾರಣಸಹಿತ ಆರೈಕೆ, ಇವ್ಯಾಲ್ಯುಯೇಶನ್ ಎಂದು ಐದು ಮಾಡಿದೆವು. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಮಟ್ಟ, ಏನೂ ಬರೆಯದಿದ್ದರೆ ಸೊನ್ನೆ. ಐದು ಮಟ್ಟ ಬೇಡ, ನಾಲ್ಕೇ ಸಾಕು ಎಂದು ನಾನು ಹಟ ಹಿಡಿದೆ. ನಡುವೆ ಒಂದು ಮಟ್ಟವಿದ್ದರೆ ದಣಿದ ಕೈ ಅಲ್ಲೇ ಹೋಗಿ ಕೂರುತ್ತದೆ. ನಾಲ್ಕಾದರೆ ಮೇಲಕ್ಕೋ ಕೆಳಕ್ಕೋ ತೀರ್ಮಾನ ಮಾಡಲೇಬೇಕು. ಆರೈಕೆ ಎಲ್ಲಕ್ಕಿಂತ ದೊಡ್ಡ ಭಾಗವಾದ್ದರಿಂದ ಅದರ ಅಂಕವನ್ನು ಎರಡರಿಂದ ಗುಣಿಸುವುದು ಎಂದಾಯಿತು. ಅಲ್ಲಿಗೆ 24 ಅಂಕ. ಅಚ್ಚುಕಟ್ಟು ಬರವಣಿಗೆಗೆ ಉಳಿದ 1.

ಆ 1 ಅಂಕದ ಬಗ್ಗೆ ಬಹಳ ಚರ್ಚೆ ನಡೆಯಿತು. ಬರವಣಿಗೆಗೆ ಏನೂ ಬೇಡವೆಂದರು ಕೆಲವರು, ಐದಾದರೂ ಇರಲಿ ಎಂದರು ಕೆಲವರು. ಓದಲು ಬಾರದ ದಾಖಲೆಯಿಂದ ವಾರ್ಡಿನಲ್ಲಿ ಅನಾಹುತವಾಗಬಹುದು, ಅದು ನಿಜ. ಆದರೆ ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಿಂದ ಬಂದು ಇಂಗ್ಲಿಷಿನಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಭಾಷೆಯ ಲೆಕ್ಕದಲ್ಲಿ ಆರೈಕೆಯ ಅಂಕ ಕಳೆಯುವುದು ಅನ್ಯಾಯ. ಭಾಷೆಗೆ ತನ್ನದೇ ಆದ ಒಂದು ಚಿಕ್ಕ ಮನೆ ಕೊಟ್ಟರೆ ಅದು ಬೇರೆ ಮನೆಗಳಿಗೆ ನುಗ್ಗುವುದಿಲ್ಲ. ಈ ಉಪಾಯ ನಮಗೆ ಫಲಿಸಿತು.

ಇನ್ನು ವಾಕ್ಯಗಳು. ನಮ್ಮ ಮೊದಲ ಕರಡಿನಲ್ಲಿ ಇವ್ಯಾಲ್ಯುಯೇಶನ್ ಎದುರಿಗೆ ಬರೆದದ್ದು ಹೀಗೆ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ. ಇದನ್ನು ಇಟ್ಟುಕೊಂಡು ಅಂಕ ಹಾಕಿದರೆ ಹಳೆಯ ಕಥೆಯೇ. ಅತ್ಯುತ್ತಮ ಅಂದರೆ ಏನು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ತಲೆಯಿಂದಲೇ ತರಬೇಕು. ಹಾಗಾಗಿ ಹರಿದು ಹಾಕಿ, ಹಿಂದಿನ ಬ್ಯಾಚಿನ ಫೈಲುಗಳನ್ನು ಗುಡ್ಡೆ ಹಾಕಿಕೊಂಡು ಬರೀ ಇವ್ಯಾಲ್ಯುಯೇಶನ್ ಕಾಲಂ ಓದುತ್ತಾ ಹೋದೆವು. ಒಂದೇ ತೆರನವನ್ನು ಒಂದು ಕಡೆ ಇಟ್ಟೆವು. ನಾಲ್ಕು ರಾಶಿಯಾಯಿತು. ಪ್ರತಿ ರಾಶಿಯಲ್ಲಿ ಕಣ್ಣಿಗೆ ಕಾಣುವಂಥದ್ದು ಏನಿದೆ ಎಂದು ನೋಡಿ ಅದನ್ನೇ ವಾಕ್ಯ ಮಾಡಿದೆವು.

ಅತ್ಯಂತ ಕೆಳಗಿನ ರಾಶಿಯಲ್ಲಿ ಇದ್ದದ್ದು ಒಂದೇ ಮಾತು, "ಗುರಿ ಈಡೇರಿದೆ". ಅಳತೆಯಿಲ್ಲ, ಹೊತ್ತಿಲ್ಲ. ಅದು 1. ರೋಗಿಯ ಸ್ಥಿತಿ ಏನಾದರೂ ಬರೆದು, ಆದರೆ ಗುರಿಯಲ್ಲಿ ಹೇಳಿದ ಅಳತೆಯನ್ನು ಮತ್ತೆ ತೆಗೆದುಕೊಳ್ಳದಿದ್ದರೆ 2. ಅದೇ ಅಳತೆಯನ್ನು ಹೇಳಿದ ಹೊತ್ತಿಗೆ ಮತ್ತೆ ತೆಗೆದು, ಗುರಿ ಪೂರ್ತಿ ಈಡೇರಿತೋ, ಅರ್ಧವೋ, ಇಲ್ಲವೋ ಎಂದು ತೀರ್ಮಾನಿಸಿದ್ದರೆ 3. ಇಷ್ಟರ ಮೇಲೆ, ಹಾಗಾದರೆ ಇನ್ನು ಮುಂದೆ ಏನನ್ನು ಮುಂದುವರಿಸಬೇಕು, ಏನನ್ನು ಬದಲಿಸಬೇಕು ಎಂದೂ ಬರೆದಿದ್ದರೆ 4. ಈ ನಾಲ್ಕು ಮಾತಿನಲ್ಲಿ "ಚೆನ್ನಾಗಿ", "ಸಮರ್ಪಕ", "ಸೂಕ್ತ" ಎಂಬ ಪದಗಳಿಲ್ಲ ಎನ್ನುವುದನ್ನು ಗಮನಿಸಿ. ಹಾಳೆಯಲ್ಲಿ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ತೋರಿಸಬಹುದಾದದ್ದು ಮಾತ್ರ ಇದೆ. ವಿದ್ಯಾರ್ಥಿ ಬಂದು ಯಾಕೆ 2 ಎಂದು ಕೇಳಿದರೆ ತೋರಿಸಲು ಒಂದು ಜಾಗವಿದೆ.

ಆದರೆ ಬೆರಳಿಟ್ಟು ತೋರಿಸಬಹುದಾದದ್ದು ಬೇಕೆಂದು ಹೊರಟರೆ ಎಣಿಕೆಯ ಬಲೆಗೆ ಬೀಳುವ ಅಪಾಯವಿದೆ. ನಾವೂ ಬಿದ್ದೆವು. ಆರೈಕೆಯ ಮನೆಯಲ್ಲಿ "ಐದು ಅಥವಾ ಹೆಚ್ಚು ಕ್ರಮಗಳಿದ್ದರೆ 4" ಎಂದು ಬರೆದಿದ್ದೆವು. ಮುಂದಿನ ಪೋಸ್ಟಿಂಗಿನಲ್ಲಿ ಎಲ್ಲರ ಹಾಳೆಯಲ್ಲೂ ಐದು ಕ್ರಮ ಬಂತು, ಹೆಚ್ಚಿನವು ಎಲ್ಲ ರೋಗಿಗೂ ಹೊಂದುವಂಥವು. ನಾಡಿ, ಬಿ.ಪಿ. ನೋಡಲಾಯಿತು. ಧೈರ್ಯ ಹೇಳಲಾಯಿತು. ಡಾಕ್ಟರ್ ಹೇಳಿದ ಔಷಧಿ ಕೊಡಲಾಯಿತು. ಎಣಿಕೆಯನ್ನು ತೆಗೆದು ಕೊಂಡಿಯನ್ನು ನೋಡಲು ಶುರುಮಾಡಿದೆವು. ಈಗ 4 ಬೇಕಾದರೆ, ಪ್ರತಿ ಕ್ರಮವೂ ಮೊದಲ ಕಾಲಂನಲ್ಲಿ ಬರೆದ ಈ ರೋಗಿಯ ಯಾವುದಾದರೂ ಒಂದು ಸಂಗತಿಗೆ ತಗುಲಿಕೊಂಡಿರಬೇಕು, ಎಷ್ಟು ಹೊತ್ತಿಗೊಮ್ಮೆ ಎಂದು ಹೇಳಿರಬೇಕು, ಅದು ಯಾಕೆ ಕೆಲಸ ಮಾಡುತ್ತದೆ ಎಂಬ ಕಾರಣವಿರಬೇಕು. ಮೂರು ಕ್ರಮವಿದ್ದರೂ ಚಿಂತೆಯಿಲ್ಲ. ಧೂಮಪಾನ ಬಿಡಿ ಎಂಬ ಸಲಹೆಗೆ ಈ ವಾಕ್ಯದ ಮುಂದೆ ನಿಲ್ಲಲು ಆಗುವುದಿಲ್ಲ. ಮೊದಲ ಕಾಲಂನಲ್ಲಿ ಧೂಮಪಾನವೇ ಇಲ್ಲವಲ್ಲ.

ಅಂಕದ ಲೆಕ್ಕಕ್ಕೆ ಸಿಗದ ಒಂದು ಸಂಗತಿಯೂ ಇತ್ತು. 21 ಕೊಟ್ಟಿದ್ದ ಪ್ಲಾನಿನ ಗುರಿ ಹೀಗಿತ್ತು: ಸ್ಯಾಚುರೇಶನ್ 95ರ ಮೇಲೆ ಇಡುವುದು. ಬೇರೆ ಎಷ್ಟೋ ರೋಗಿಗಳಿಗೆ ಅದು ಸರಿ. ಸಿ.ಒ.ಪಿ.ಡಿ. ಇರುವ ಕೆಲವರಿಗೆ ಆಮ್ಲಜನಕ ಅತಿಯಾಗಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ರೋಗಿ ಮಂಪರಿಗೆ ಜಾರಬಹುದು. ಅದಕ್ಕೇ ಇಂಥ ಅಪಾಯವಿರುವವರಿಗೆ 88ರಿಂದ 92ರ ನಡುವೆ ಇಟ್ಟುಕೊಳ್ಳುವುದು ರೂಢಿ. ಅಜ್ಜಿಯ ಕೇಸ್ ಶೀಟಿನಲ್ಲಿ ಡಾಕ್ಟರ್ ಅದನ್ನೇ ಬರೆದಿದ್ದರು, ಎರಡನೆಯ ಹುಡುಗಿ ನೋಡಿಕೊಂಡು ಅದನ್ನೇ ಗುರಿಯಾಗಿ ಇಟ್ಟಿದ್ದಳು. ಇಂಥ ತಪ್ಪಿಗೆ ಗುರಿಯ ಮನೆಯಲ್ಲಿ 3 ಅಂಕ ಕಳೆದು ಸುಮ್ಮನಾದರೆ ಉಳಿದ ಕಾಲಂಗಳ ಬಲದಿಂದ ಪ್ಲಾನ್ ಪಾಸಾಗಿಬಿಡುತ್ತದೆ. ವಾರ್ಡಿನಲ್ಲಿ ಹಾಗೆ ಸರಿದೂಗುವುದಿಲ್ಲ. ಆದ್ದರಿಂದ ಕೋಷ್ಟಕದ ಮೇಲೆ ಒಂದು ಸಾಲು ಸೇರಿಸಿದೆವು: ಬರೆದದ್ದನ್ನು ಹಾಗೆಯೇ ಮಾಡಿದರೆ ರೋಗಿಗೆ ಹಾನಿಯಾಗುವಂತಿದ್ದರೆ, ಒಟ್ಟು ಅಂಕ ಎಷ್ಟೇ ಇರಲಿ, ತಿದ್ದಿ ಬರೆದು ತರುವವರೆಗೆ ಪ್ಲಾನ್ ಸ್ವೀಕಾರವಿಲ್ಲ.

ಇದಕ್ಕೆ ಉಲ್ಟಾ ಇರುವ ಒಂದು ಅನ್ಯಾಯವನ್ನೂ ತಡೆಯಬೇಕಿತ್ತು. ಕೇರ್ ಪ್ಲಾನಿನ ಕಾಲಂಗಳು ಸರಪಳಿಯ ಹಾಗೆ. ಡಯಾಗ್ನೋಸಿಸ್ ತಪ್ಪಿದರೆ ಗುರಿ, ಆರೈಕೆ, ಇವ್ಯಾಲ್ಯುಯೇಶನ್ ಎಲ್ಲವೂ ಅದೇ ದಾರಿಯಲ್ಲಿ ಹೋಗುತ್ತವೆ. ಒಂದು ತಪ್ಪಿಗೆ ನಾಲ್ಕು ಸಲ ಅಂಕ ಕಳೆಯುವುದು ಸರಿಯಲ್ಲ. ಗಣಿತದ ಮೇಷ್ಟ್ರು ಮೊದಲ ಹೆಜ್ಜೆಯಲ್ಲಿ ಲೆಕ್ಕ ತಪ್ಪಿದ್ದರೂ ಮುಂದಿನ ವಿಧಾನಕ್ಕೆ ಅಂಕ ಕೊಡುವ ಹಾಗೆ ನಾವೂ ಮಾಡಿದೆವು. ತಪ್ಪಿನ ಅಂಕ ತಪ್ಪಾದ ಮನೆಯಲ್ಲಿ ಮಾತ್ರ ಹೋಗಬೇಕು. ಮುಂದಿನ ಮನೆಗಳನ್ನು ವಿದ್ಯಾರ್ಥಿಯ ಡಯಾಗ್ನೋಸಿಸ್ ಪ್ರಕಾರವೇ ನೋಡಬೇಕು, ಹಾನಿಯ ನಿಯಮಕ್ಕೆ ಸಿಕ್ಕದಿದ್ದರೆ.

ಈ ಕೋಷ್ಟಕ ಇಟ್ಟುಕೊಂಡು ಅಜ್ಜಿಯ ಎರಡು ಪ್ಲಾನುಗಳಿಗೆ ಮತ್ತೆ ಅಂಕ ಹಾಕಿದೆವು. ಅಂದವಾಗಿದ್ದ ಪ್ಲಾನಿನ ಅಸೆಸ್‌ಮೆಂಟಿನಲ್ಲಿ ಚಾರ್ಟಿನ ಸಂಖ್ಯೆಗಳಿದ್ದವು, ರೋಗಿಯ ಒಂದು ಮಾತೂ ಇರಲಿಲ್ಲ: 2. ಡಯಾಗ್ನೋಸಿಸ್ ರೂಪ ಸರಿಯಿತ್ತು, ದಪ್ಪ ಕಫದಿಂದ ಶ್ವಾಸನಾಳ ಕಟ್ಟಿಕೊಂಡಿದೆ ಎಂದು ಕಾರಣ ಸಮೇತ ಹೇಳಿದ್ದಳು, ಆಧಾರದ ಲಕ್ಷಣಗಳಲ್ಲಿ ಒಂದೆರಡು ಮಾತ್ರ ಪುಸ್ತಕದವು: 3. ಗುರಿಗೆ 1. ಆರೈಕೆಗೆ 2, ಎರಡರಿಂದ ಗುಣಿಸಿ 4. ಇವ್ಯಾಲ್ಯುಯೇಶನ್ "ಗುರಿ ಈಡೇರಿದೆ" ಎಂದಷ್ಟೇ: 1. ಬರವಣಿಗೆಗೆ 1. ಒಟ್ಟು 12, ಜೊತೆಗೆ ತಿದ್ದಿ ಬರೆಯಲು ವಾಪಸ್.

ಇನ್ನೊಂದರಲ್ಲಿ ಅಸೆಸ್‌ಮೆಂಟಿಗೆ 4. ಡಯಾಗ್ನೋಸಿಸ್‌ನಲ್ಲಿ ಅವಳು ಕಾರಣದ ಜಾಗದಲ್ಲಿ ಕಾಯಿಲೆಯ ಹೆಸರನ್ನೇ ಬರೆದಿದ್ದಳು, ನರ್ಸ್ ಕೈಹಾಕಿ ಸರಿಪಡಿಸಬಹುದಾದ ಕಾರಣ ಅದಲ್ಲ: 2. ಗುರಿಗೆ ಅಳತೆಯೂ ಇತ್ತು, 24 ಗಂಟೆಯ ಅವಧಿಯೂ ಇತ್ತು: 4. ಆರೈಕೆಯಲ್ಲಿ ಅಜ್ಜಿಯನ್ನು ಕೂರಿಸಿ ಮುಂದಿನ ಟೇಬಲ್ ಮೇಲಿನ ದಿಂಬಿಗೆ ಒರಗಿಸಿದ್ದು, ತುಟಿ ಮುಚ್ಚಿದಂತೆ ಮಾಡಿ ಮೆಲ್ಲಗೆ ಉಸಿರು ಬಿಡುವುದನ್ನು ಕಲಿಸಿದ್ದು, ಗುಟುಕು ಗುಟುಕಾಗಿ ಬಿಸಿನೀರು ಕುಡಿಸಿದ್ದು, ಊರಿಗೆ ಹೋದ ಮೇಲೆ ಒಲೆ ಮುಂದೆ ಕೂರದಂತೆ ಸೊಸೆಯ ಜೊತೆ ಮಾತಾಡಿದ್ದು, ಎಲ್ಲ ಇತ್ತು. ಎರಡಕ್ಕೆ ಕಾರಣ ಬರೆದಿರಲಿಲ್ಲ: 3, ಗುಣಿಸಿ 6. ಇವ್ಯಾಲ್ಯುಯೇಶನ್‌ನಲ್ಲಿ ಮರುದಿನದ ಉಸಿರಾಟ 24, ಸ್ಯಾಚುರೇಶನ್ 90, ಕಫ ತಾನೇ ಕೆಮ್ಮಿ ತೆಗೆದದ್ದು, ಗುರಿ ಭಾಗಶಃ ಈಡೇರಿದೆ, ಉಸಿರಿನ ಅಭ್ಯಾಸ ಇನ್ನೂ ಎರಡು ದಿನ ಬೇಕು ಎಂದಿತ್ತು: 4. ಬರವಣಿಗೆಗೆ ಸೊನ್ನೆ. ಒಟ್ಟು 20. ಅವಳಿಗೆ ಪೂರ್ತಿ ಅಂಕವೇನೂ ಬರಲಿಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗೆ ಈಗ ಉತ್ತರವಿತ್ತು: ಡಯಾಗ್ನೋಸಿಸ್ ಬರೆಯುವ ಕ್ರಮ ಕಲಿ, ಪ್ರತಿ ಕ್ರಮಕ್ಕೂ ಕಾರಣ ಬರೆ.

ಎರಡು ಪ್ಲಾನಿಗೆ ಹೊಂದಿತು ಎಂದ ಮಾತ್ರಕ್ಕೆ ರೂಬ್ರಿಕ್ ಸಿದ್ಧವಾಯಿತು ಎನ್ನುವಂತಿಲ್ಲ. ಅದನ್ನು ಪರೀಕ್ಷಿಸುವ ವಿಧಾನ ಸರಳ. ಹತ್ತು ಹಳೆಯ ಪ್ಲಾನುಗಳ ಹೆಸರು ಮುಚ್ಚಿ, ಇಬ್ಬರು ಶಿಕ್ಷಕರು ಬೇರೆ ಬೇರೆ ಕೂತು ಅಂಕ ಹಾಕಬೇಕು. ಐದು ಮಾನದಂಡದಂತೆ 50 ತೀರ್ಮಾನಗಳು. ಅದರಲ್ಲಿ 40 ಒಂದೇ ಆದರೆ ಶೇಕಡಾ 80 ಹೊಂದಿಕೆ. ಇಬ್ಬರೂ ಕಣ್ಣುಮುಚ್ಚಿ ಅಂಕ ಹಾಕಿದರೂ ಕೆಲವು ಹೊಂದುತ್ತವೆ, ಆ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಸೂತ್ರವಿದೆ. ಸಂಖ್ಯೆಗಿಂತ ಮುಖ್ಯವಾದದ್ದು, ಎಲ್ಲಿ ಇಬ್ಬರಿಗೂ ಎರಡು ಮಟ್ಟದ ಅಂತರ ಬಂತು ಎಂದು ಹುಡುಕುವುದು. ಅಲ್ಲಿ ಯಾರು ಸರಿ ಎಂದು ವಾದಕ್ಕೆ ನಿಲ್ಲಬಾರದು, ವಾಕ್ಯವನ್ನು ತಿದ್ದಬೇಕು. ನಮ್ಮಲ್ಲಿ "ಈ ರೋಗಿಗೆ ಹೊಂದುವ ಆರೈಕೆ" ಎಂಬ ಮಾತು ಜಗಳ ತಂದಿತು. ರೋಗಿಯ ವಯಸ್ಸು ಬರೆದರೆ ಸಾಕು ಎಂದು ಒಬ್ಬರು ಓದಿಕೊಂಡಿದ್ದರು. ಮೊದಲ ಕಾಲಂಗೆ ಕೊಂಡಿ ಇರಬೇಕು ಎಂಬ ವಾಕ್ಯ ಹುಟ್ಟಿದ್ದು ಹೀಗೆ.

ಇಬ್ಬರ ಅಂಕ ಹೊಂದಿದರೂ ಇಬ್ಬರೂ ಸೇರಿ ತಪ್ಪಾಗಿರಬಹುದು ಎನ್ನುವುದನ್ನು ಮರೆಯಬಾರದು. ಬರೆದದ್ದನ್ನು ಮಾತ್ರ ರೂಬ್ರಿಕ್ ಅಳೆಯುತ್ತದೆ. ಅಜ್ಜಿಯನ್ನು ನಿಜವಾಗಿ ದಿಂಬಿಗೆ ಒರಗಿಸಿದಳೇ, ಕೂತಲ್ಲೇ ಬರೆದಳೇ ಎಂದು ಹಾಳೆ ಹೇಳುವುದಿಲ್ಲ. ಅದಕ್ಕೆ ನಾವು ಪ್ರತಿ ಪೋಸ್ಟಿಂಗಿನಲ್ಲಿ ಕೆಲವು ಪ್ಲಾನುಗಳನ್ನು ಹಿಡಿದುಕೊಂಡು ಮಂಚದ ಹತ್ತಿರ ಹೋಗಿ ರೋಗಿಯನ್ನೇ ಮಾತಾಡಿಸುತ್ತೇವೆ. ಇದಕ್ಕೆ ಪರ್ಯಾಯವಿಲ್ಲ.

ಕೋಷ್ಟಕವನ್ನು ಈಗ ಪೋಸ್ಟಿಂಗಿನ ಮೊದಲ ದಿನವೇ ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ, ಹಳೆಯ ಒಂದು ಪ್ಲಾನಿಗೆ ಅವರಿಂದಲೇ ಅಂಕ ಹಾಕಿಸುತ್ತೇವೆ. ಓದುವವರಲ್ಲಿ ನರ್ಸಿಂಗ್ ಶಿಕ್ಷಕರಿದ್ದರೆ ಒಂದು ಕೋರಿಕೆ. ನಮ್ಮ ಕೋಷ್ಟಕವನ್ನು ಇಳಿಸಿಕೊಳ್ಳಬೇಡಿ, ಅದು ನಮ್ಮ ವಾರ್ಡಿನದು. ಈ ವಾರ ಒಂದು ಹಳೆಯ ಕೇರ್ ಪ್ಲಾನ್ ತೆಗೆದು, ಹೆಸರು ಮತ್ತು ಅಂಕ ಮುಚ್ಚಿ, ಪಕ್ಕದ ಕೋಣೆಯ ಸಹೋದ್ಯೋಗಿಗೆ ಕೊಡಿ. ಅವರ ಅಂಕ ಬಂದ ಮೇಲೆ ನಿಮ್ಮದರ ಪಕ್ಕದಲ್ಲಿಟ್ಟು ನೋಡಿ, ಕೆಲಸ ಅಲ್ಲಿಂದ ಶುರುಮಾಡಿ.